7.5 ಓವರ್ ಅಂದರೆ ಎಷ್ಟು?

ಊರಲ್ಲಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಇದ್ದಾನೆ ಅಂದರೆ ಮೊಬೈಲ್ ರಿಪೇರಿಯಿಂದ ಹಿಡಿದು ಮದುವೆ ಪತ್ರಿಕೆ ಡಿಸೈನ್‌ವರೆಗೆ ಎಲ್ಲ ಅವನ ತಲೆಗೇ. ಕಳೆದ ಬೇಸಿಗೆಯಲ್ಲಿ ನಾನು ಕುದೇರಿಗೆ ಬಂದಾಗ ನನ್ನ ಪಾಲಿಗೆ ಬಂದದ್ದು ಟೆನ್ನಿಸ್ ಬಾಲ್ ಟೂರ್ನಮೆಂಟಿನ ಪಾಯಿಂಟ್ಸ್ ಟೇಬಲ್. "ಎಕ್ಸೆಲ್‌ನಲ್ಲಿ ಒಂದು ಹಾಕ್ಬುಡು, ನಿನ್ಗೇನು ಹತ್ತು ನಿಮಿಷದ ಕೆಲ್ಸ" ಅಂದರು ಹುಡುಗರು. ಹತ್ತು ನಿಮಿಷದಲ್ಲೇ ಹಾಕಿದೆ. ತೊಂದರೆ ಆಗಿದ್ದೇ ಅಲ್ಲಿ.

ಐದು ಟೀಮು, ಎಂಟೆಂಟು ಓವರಿನ ಮ್ಯಾಚು. ಪ್ರತಿ ಟೀಮೂ ಉಳಿದ ನಾಲ್ಕರ ಜೊತೆ ಒಂದೊಂದು ಸಲ ಆಡಬೇಕು. ಗೆದ್ದರೆ ಎರಡು ಪಾಯಿಂಟ್, ಸೋತರೆ ಸೊನ್ನೆ. ಮೇಲಿನ ಎರಡು ಟೀಮು ಫೈನಲ್‌ಗೆ. ಒಂದು ಟೀಮು ನಾಲ್ಕೂ ಗೆದ್ದು ಎಂಟು ಪಾಯಿಂಟ್ ಮಾಡಿ ಕೂತಿತು. ಎರಡನೇ ಜಾಗಕ್ಕೆ ಮಾತ್ರ ಇಬ್ಬರು: ನೀಲಿ ಟೀ-ಶರ್ಟಿನವರು ಮತ್ತು ಹಸಿರು ಟೀ-ಶರ್ಟಿನವರು. ಇಬ್ಬರದೂ ಎರಡೆರಡು ಗೆಲುವು, ನಾಲ್ಕು ನಾಲ್ಕು ಪಾಯಿಂಟ್. ನೆಟ್ ರನ್ ರೇಟ್‌ನಲ್ಲಿ ನೀಲಿ ಮುಂದೆ ಅಂತ ನನ್ನ ಶೀಟ್ ತೋರಿಸಿತು. ನೀಲಿಯವರು ಫೈನಲ್ ಆಡಿದರು.

ಹಸಿರು ಟೀಮಿನ ಕ್ಯಾಪ್ಟನ್ ನನ್ನ ಚಿಕ್ಕಪ್ಪನ ಮಗ. ಸಂಜೆ ಮನೆ ಮುಂದೆ ಬೈಕ್ ನಿಲ್ಲಿಸಿ ಕೇಳಿದ. "ಅಣ್ಣ, ಪಾಯಿಂಟ್ಸ್ ಸಮ ಅಂತ ನೀನೇ ಅಂದೆ. ಲೀಗಲ್ಲಿ ನಾವು ಅವ್ರ್‌ನ ಸೋಲ್ಸಿದ್ದೀವಿ. ಮತ್ತೆ ಅವ್ರೆಂಗೆ ಮೇಲ್ ಹೋದ್ರು?"

ನಾನು 2019ರ ವಿಶ್ವಕಪ್ ಕಥೆ ತೆಗೆದೆ. ಆಗ ನ್ಯೂಜಿಲೆಂಡ್ ಮತ್ತು ಪಾಕಿಸ್ತಾನ ಇಬ್ಬರಿಗೂ 11 ಪಾಯಿಂಟ್, ಐದೈದು ಗೆಲುವು. ಅವರಿಬ್ಬರ ನಡುವಿನ ಮ್ಯಾಚ್‌ನಲ್ಲಿ ಗೆದ್ದದ್ದು ಪಾಕಿಸ್ತಾನ. ಆದರೂ ನೆಟ್ ರನ್ ರೇಟ್ ಚೆನ್ನಾಗಿತ್ತು ಅಂತ ಸೆಮಿಫೈನಲ್‌ಗೆ ಹೋದದ್ದು ನ್ಯೂಜಿಲೆಂಡ್. ಅಲ್ಲಿ ಅವರು ನಮ್ಮನ್ನೇ ಸೋಲಿಸಿ ಫೈನಲ್ ಸೇರಿದರು. "ವಿಶ್ವಕಪ್‌ನಲ್ಲೇ ಹಂಗೆ, ಇನ್ನು ನಮ್ಮೂರಲ್ಲಿ?" ಅಂದೆ. ಅವನು ತಲೆ ಅಲ್ಲಾಡಿಸಿ ಹೋದ. ನನಗೆ ಒಳಗೊಳಗೇ ಒಂದು ಹೆಮ್ಮೆ, ಕ್ಲೀನಾಗಿ ಎಕ್ಸ್‌ಪ್ಲೇನ್ ಮಾಡಿದೆ ಅಂತ.

ಆದರೆ ಆ ಪ್ರಶ್ನೆ ಅವನೊಬ್ಬನದೇ ಆಗಿರಲಿಲ್ಲ. ಮ್ಯಾಚ್ ನೋಡೋಕೆ ಬಂದವರೂ ಅದನ್ನೇ ಕೇಳುತ್ತಿದ್ದರು. ಮುಂದಿನ ವರ್ಷ ನೋಡುಗರ ಕೈಗೆ ಎಂಟು ಪುಟದ ಒಂದು ಕೈಪಿಡಿ ಕೊಡೋಣ, ಟೀಮು, ಟೈಮ್‌ಟೇಬಲ್ಲು, ಟೇಬಲ್ ಓದೋದು ಹೆಂಗೆ ಅನ್ನೋದು ಎಲ್ಲ ಅದರಲ್ಲೇ ಇರಲಿ ಅಂತ ತೀರ್ಮಾನವಾಯಿತು. ಟೇಬಲ್ ಪುಟ ಬರೆಯೋ ಕೆಲಸ ಮತ್ತೆ ನನಗೇ ಬಂತು.

ಬೆಂಗಳೂರಿಗೆ ವಾಪಸ್ ಬಂದು ಒಂದು ಶನಿವಾರ ಬರೆಯೋಕೆ ಕೂತೆ. ನೆಟ್ ರನ್ ರೇಟ್ ಅಂದರೆ ಏನು ಅಂತ ಒಂದೇ ವಾಕ್ಯದಲ್ಲಿ ಹೇಳಬಹುದು: ಇಡೀ ಲೀಗಿನಲ್ಲಿ ನಾವು ಹೊಡೆದ ಒಟ್ಟು ರನ್ನನ್ನು ನಾವು ಆಡಿದ ಒಟ್ಟು ಓವರಿನಿಂದ ಭಾಗಿಸಬೇಕು, ಅದರಿಂದ ನಾವು ಕೊಟ್ಟ ಒಟ್ಟು ರನ್ನನ್ನು ನಾವು ಹಾಕಿದ ಒಟ್ಟು ಓವರಿನಿಂದ ಭಾಗಿಸಿದ್ದನ್ನು ಕಳೆಯಬೇಕು. ಅಷ್ಟೇ. ಆದರೆ ಈ ವಾಕ್ಯ ಓದಿ ಯಾರಿಗೂ ಏನೂ ಅರ್ಥ ಆಗಲ್ಲ. ಎಲ್ಲರೂ ನೋಡಿದ ಒಂದು ಮ್ಯಾಚ್ ಬೇಕು. ನಮ್ಮ ಕಡೆ ಅಂಥ ಮ್ಯಾಚ್ ಯಾವುದು ಅಂತ ಯೋಚನೆ ಮಾಡಲೇಬೇಕಾಗಿಲ್ಲ.

2024ರ ಮೇ 18, ಚಿನ್ನಸ್ವಾಮಿ ಸ್ಟೇಡಿಯಂ, ಆರ್‌ಸಿಬಿ ಮತ್ತು ಚೆನ್ನೈ. ಎಂಟು ಮ್ಯಾಚ್‌ನಲ್ಲಿ ಏಳು ಸೋತಿದ್ದ ಆರ್‌ಸಿಬಿ ಆಮೇಲೆ ಸತತ ಐದು ಗೆದ್ದು 12 ಪಾಯಿಂಟ್‌ಗೆ ಬಂದಿತ್ತು. ಚೆನ್ನೈ ಹತ್ತಿರ 14. ಇಬ್ಬರಿಗೂ ಉಳಿದಿದ್ದು ಈ ಒಂದೇ ಮ್ಯಾಚು. ಆರ್‌ಸಿಬಿ ಗೆದ್ದರೆ ಇಬ್ಬರೂ 14, ಇಬ್ಬರೂ ಏಳು ಗೆಲುವು. ಐಪಿಎಲ್‌ನಲ್ಲಿ ಪಾಯಿಂಟ್ ಸಮ ಆದರೆ ಮೊದಲು ಯಾರ ಗೆಲುವು ಹೆಚ್ಚು ಅಂತ ನೋಡುತ್ತಾರೆ, ಅದೂ ಸಮ ಆದರೆ ನೆಟ್ ರನ್ ರೇಟ್. ಹಾಗಾಗಿ ಬರೀ ಗೆದ್ದರೆ ಸಾಲದು. ಮೊದಲು ಬ್ಯಾಟ್ ಮಾಡಿ 200ರ ಆಸುಪಾಸು ಹೊಡೆದರೆ 18 ರನ್ನಿಂದಲಾದರೂ ಗೆಲ್ಲಬೇಕು ಅಂತ ಅವತ್ತು ಟಿವಿಯಲ್ಲಿ, ವಾಟ್ಸ್ಯಾಪ್‌ನಲ್ಲಿ, ಆಫೀಸ್ ಕ್ಯಾಂಟೀನ್‌ನಲ್ಲಿ ಎಲ್ಲ ಕಡೆ ಅದೇ ಮಾತು.

ಆ 18 ಎಲ್ಲಿಂದ ಬಂತು? ಇದನ್ನು ಪೆನ್ನು ಪೇಪರ್‌ನಲ್ಲೇ ಮಾಡಬಹುದು. ಮ್ಯಾಚ್‌ಗೆ ಮುಂಚೆ ಆರ್‌ಸಿಬಿ ನೆಟ್ ರನ್ ರೇಟ್ +0.387, ಚೆನ್ನೈದು +0.528. ಇಬ್ಬರೂ 13 ಮ್ಯಾಚ್ ಆಡಿದ್ದರು. ಪ್ರತಿ ಮ್ಯಾಚೂ ಪೂರ್ತಿ 20 ಓವರ್ ನಡೆದಿದೆ ಅಂತ ಸದ್ಯಕ್ಕೆ ಅಂದುಕೊಳ್ಳೋಣ. 0.387ನ್ನು 13ರಿಂದ ಗುಣಿಸಿದರೆ ಆರ್‌ಸಿಬಿ ಖಾತೆಯಲ್ಲಿ ಸುಮಾರು 5.03. 0.528ನ್ನು 13ರಿಂದ ಗುಣಿಸಿದರೆ ಚೆನ್ನೈ ಖಾತೆಯಲ್ಲಿ 6.86. ನಡುವಿನ ಅಂತರ 1.83.

ಈಗ ಆರ್‌ಸಿಬಿ ಒಂದು ರನ್ನಿಂದ ಗೆಲ್ಲುತ್ತೆ ಅನ್ನಿ. 20 ಓವರಿಗೆ ಒಂದು ರನ್ ಅಂದರೆ ಓವರಿಗೆ 0.05. ಅದು ಆರ್‌ಸಿಬಿ ಖಾತೆಗೆ ಸೇರುತ್ತದೆ. ಎದುರಾಳಿ ಚೆನ್ನೈಯೇ ಆದ್ದರಿಂದ ಅಷ್ಟೇ 0.05 ಚೆನ್ನೈ ಖಾತೆಯಿಂದ ಹೋಗುತ್ತದೆ. ಬ್ಯಾಂಕ್ ಟ್ರಾನ್ಸ್‌ಫರ್ ಇದ್ದಂಗೆ. ಅಂದರೆ ಗೆಲುವಿನ ಒಂದೊಂದು ರನ್ನೂ ಅಂತರವನ್ನು 0.10 ಕಮ್ಮಿ ಮಾಡುತ್ತದೆ. 1.83 ಅಂತರ ಮುಚ್ಚಲು 18.3 ರನ್ ಬೇಕು. ಟಿವಿಯವರು ಹೇಳಿದ 18ಕ್ಕೆ ಎಷ್ಟು ಹತ್ತಿರ ನೋಡಿ! ಆ ಚೂರು ವ್ಯತ್ಯಾಸ ಬಂದದ್ದು ನಮ್ಮ ಊಹೆಯಿಂದ. ಕೆಲವು ಮ್ಯಾಚು 20 ಓವರಿಗೆ ಮುಂಚೆಯೇ ಚೇಸ್ ಆಗಿ ಮುಗಿದಿರುತ್ತವೆ. ಅಸಲಿ ಲೆಕ್ಕದಲ್ಲಿ ಮ್ಯಾಚ್‌ಗಳ ಸರಾಸರಿ ತೆಗೆಯೋದಿಲ್ಲ, ಇಡೀ ಸೀಸನ್ನಿನ ರನ್ನು, ಇಡೀ ಸೀಸನ್ನಿನ ಓವರು ಒಟ್ಟು ಹಾಕಿ ಒಂದೇ ಸಲ ಭಾಗಿಸುತ್ತಾರೆ.

ಅವತ್ತು ಮಳೆ ಬಂದು ನಿಂತು, ಆಮೇಲೆ ಆರ್‌ಸಿಬಿ 218 ಹೊಡೆಯಿತು. ಚೆನ್ನೈ ಗೆಲ್ಲಲು 219, ಆದರೆ ಪ್ಲೇಆಫ್‌ಗೆ ಹೋಗಲು 201 ಸಾಕು. ಕೊನೇ ಓವರ್ ಯಶ್ ದಯಾಳ್ ಕೈಗೆ ಬಂದಾಗ ಗೆಲುವಿಗೆ 35, ಪ್ಲೇಆಫ್‌ಗೆ 17. ಮೊದಲ ಬಾಲ್‌ಗೆ ಧೋನಿ ಸಿಕ್ಸು, ಎರಡನೇ ಬಾಲ್‌ಗೆ ಔಟು. ಓವರಿನಲ್ಲಿ ಬಂದದ್ದು ಏಳೇ ರನ್. ಚೆನ್ನೈ 191. ಗೆಲುವು 27 ರನ್ನಿಂದ. ನಮ್ಮ ಪೆನ್ನು ಪೇಪರ್ ಲೆಕ್ಕದಲ್ಲಿ ಆರ್‌ಸಿಬಿ 0.456, ಚೆನ್ನೈ 0.394 ಆಗಬೇಕು. ಕೊನೆಯ ಟೇಬಲ್‌ನಲ್ಲಿ ಇದ್ದದ್ದು 0.459 ಮತ್ತು 0.392. ಡೆಲ್ಲಿ, ಲಖನೌ ಕೂಡ 14 ಪಾಯಿಂಟ್‌ನಲ್ಲೇ ಇದ್ದವು, ಆದರೆ ಅವರ ರೇಟು ಮೈನಸ್. 14 ಪಾಯಿಂಟಿನ ನಾಲ್ಕು ಟೀಮಲ್ಲಿ ಒಂದೇ ಟೀಮು ಮುಂದೆ ಹೋಯಿತು.

ಇಷ್ಟು ಬರೆದು ಖುಷಿಯಾಗಿ ಒಂದು ಕಾಫಿ ಕುಡಿದೆ. ಮುಂದೆ ಬರೆಯಬೇಕಿದ್ದದ್ದು ಎರಡು ಸಣ್ಣ ನಿಯಮ.

ಒಂದು, ಆಲೌಟ್ ನಿಯಮ. ಟೀಮು ಆಲೌಟ್ ಆದರೆ ಅದು ಆಡಿದ ಓವರ್ ಲೆಕ್ಕಕ್ಕಿಲ್ಲ, ಪೂರ್ತಿ ಓವರ್ ಆಡಿತು ಅಂತಲೇ ಹಿಡಿಯುತ್ತಾರೆ. 2019ರ ವಿಶ್ವಕಪ್‌ನಲ್ಲಿ ಪಾಕಿಸ್ತಾನ ಕೆಟ್ಟದ್ದು ಇಲ್ಲೇ. ಮೊದಲ ಮ್ಯಾಚ್‌ನಲ್ಲಿ ವೆಸ್ಟ್ ಇಂಡೀಸ್ ಎದುರು 21.4 ಓವರಿಗೆ 105 ರನ್ನಿಗೆ ಆಲೌಟ್. ಆಡಿದ ಓವರಿಗೆ ಭಾಗಿಸಿದರೆ 4.85 ಬರುತ್ತದೆ. ಆದರೆ 50 ಓವರಿಗೆ ಭಾಗಿಸಬೇಕು, ಬರೋದು 2.10. ವೆಸ್ಟ್ ಇಂಡೀಸ್ 13.4 ಓವರಿಗೇ 108 ಹೊಡೆದು ಮುಗಿಸಿತು, ಅದು 7.90. ಒಂದೇ ದಿನದಲ್ಲಿ ಬಿದ್ದ ಅಷ್ಟು ದೊಡ್ಡ ಗುಂಡಿಯಿಂದ ಆಮೇಲೆ ಐದು ಮ್ಯಾಚ್ ಗೆದ್ದರೂ ಅವರು ಮೇಲೆ ಬರಲಿಲ್ಲ. ಈ ನಿಯಮ ಇಲ್ಲದಿದ್ದರೆ ಏನಾಗುತ್ತಿತ್ತು ಅಂದರೆ, ಬೇಗ ಔಟಾದಷ್ಟೂ ರನ್ ರೇಟ್ ಚೆನ್ನಾಗಿ ಕಾಣುತ್ತಿತ್ತು.

ಎರಡು, ಓವರಿನ ಚುಕ್ಕೆ. ಕೈಪಿಡಿಯಲ್ಲಿ ಹೀಗೆ ಟೈಪ್ ಮಾಡಿದೆ: "7.5 ಓವರ್ ಅಂದರೆ ಏಳೂವರೆ ಓವರ್ ಅಲ್ಲ. ಏಳು ಓವರ್, ಐದು ಎಸೆತ. ಒಟ್ಟು 47 ಎಸೆತ."

ಟೈಪ್ ಮಾಡಿದವನು ಹಾಗೇ ಕೂತೆ. ಊರಿನ ಶೀಟಲ್ಲಿ ನಾನು ಓವರ್ ಕಾಲಮ್ಮಿಗೆ ಏನು ಹಾಕಿದ್ದೆ?

ಶೀಟ್ ತೆಗೆದೆ. ಹಾಕಿದ್ದು 7.5. ಎಕ್ಸೆಲ್‌ಗೆ ಅದು ಎಸೆತ ಅಂತ ಹೆಂಗೆ ಗೊತ್ತಾಗಬೇಕು? ಅದು ಏಳೂವರೆ ಅಂತಲೇ ಹಿಡಿದು ಭಾಗಿಸಿತ್ತು. ಐದು ಎಸೆತ ಅಂದರೆ ಓವರಿನ ಆರರಲ್ಲಿ ಐದು ಪಾಲು, 0.83. ಅದು 0.5 ಆಗಿ ಕೂತಿತ್ತು.

ನೀಲಿ ಟೀಮಿನ ನಾಲ್ಕು ಮ್ಯಾಚನ್ನೂ ಪೇಪರಿನಲ್ಲಿ ಮತ್ತೆ ಮಾಡಿದೆ. ಅವರು ಎರಡು ಮ್ಯಾಚ್ ಗೆದ್ದದ್ದು ಚೇಸ್ ಮಾಡಿ: 6.5 ಓವರಿಗೆ 62, 7.5 ಓವರಿಗೆ 71. ಸೋತ ಎರಡರಲ್ಲಿ ಪೂರ್ತಿ ಎಂಟೆಂಟು ಓವರ್ ಆಡಿ 58 ಮತ್ತು 60. ಒಟ್ಟು 251 ರನ್. ಎಸೆತದ ಲೆಕ್ಕದಲ್ಲಿ 41, 47, 48, 48, ಒಟ್ಟು 184. ಅಂದರೆ 30.67 ಓವರ್. ನನ್ನ ಶೀಟಲ್ಲಿ ಮಾತ್ರ 6.5, 7.5, 8, 8 ಸೇರಿ ನೀಟಾಗಿ 30. ಅವರು ಕೊಟ್ಟದ್ದು 32 ಓವರಿಗೆ 272 ರನ್, ಓವರಿಗೆ 8.5. ಸರಿಯಾದ ಲೆಕ್ಕ: 8.185ರಿಂದ 8.5 ಕಳೆದರೆ -0.315. ನನ್ನ ಲೆಕ್ಕ: 8.367ರಿಂದ 8.5 ಕಳೆದು -0.133.

ಹಸಿರು ಟೀಮು ಗೆದ್ದ ಎರಡೂ ಮ್ಯಾಚ್‌ನಲ್ಲಿ ಮೊದಲು ಬ್ಯಾಟ್ ಮಾಡಿತ್ತು, ಸೋತ ಎರಡರಲ್ಲೂ ಕೊನೇ ಬಾಲ್‌ವರೆಗೆ ಆಡಿತ್ತು. ಎಲ್ಲ ಇನ್ನಿಂಗ್ಸೂ ಪೂರ್ತಿ ಎಂಟು ಓವರ್. ಚುಕ್ಕೆಯೇ ಇಲ್ಲ. ಹೊಡೆದದ್ದು 260, ಕೊಟ್ಟದ್ದು 267, ಎರಡೂ 32 ಓವರಿಗೆ. ರೇಟು -0.219. ಯಾವ ಲೆಕ್ಕದಲ್ಲಿ ಮಾಡಿದರೂ ಅಷ್ಟೇ.

-0.133 ಮುಂದೆ -0.219 ಕೆಳಗೆ. ಆದರೆ -0.315 ಮುಂದೆ -0.219 ಮೇಲೆ. ಫೈನಲ್ ಆಡಬೇಕಾದ್ದು ಹಸಿರು ಟೀಮು.

ನನ್ನ ತಪ್ಪು ಎಲ್ಲರಿಗೂ ಒಂದೇ ಥರ ತಾಗಿರಲಿಲ್ಲ ಅನ್ನೋದು ನನ್ನನ್ನು ಹೆಚ್ಚು ಕಾಡಿತು. ಚೇಸ್ ಮಾಡಿ ಗೆದ್ದವರಿಗೆ ಪುಕ್ಕಟೆ ರನ್ ರೇಟ್ ಸಿಕ್ಕಿತ್ತು, ಮೊದಲು ಬ್ಯಾಟ್ ಮಾಡಿ ಗೆದ್ದವರಿಗೆ ಏನೂ ಸಿಕ್ಕಿರಲಿಲ್ಲ. ಇನ್ನೊಂದು ವಿಷಯ ಏನೆಂದರೆ, ನಾನು ಶೀಟ್‌ಗೆ ಒಂದು ಚೆಕ್ ಕೂಡ ಹಾಕಿದ್ದೆ. ಐದೂ ಟೀಮು ಹೊಡೆದ ಒಟ್ಟು ರನ್ನು, ಐದೂ ಟೀಮು ಕೊಟ್ಟ ಒಟ್ಟು ರನ್ನು ಒಂದೇ ಇರಬೇಕು. ಓವರೂ ಅಷ್ಟೆ. ಅದು ಟ್ಯಾಲಿ ಆಗಿತ್ತು! ಯಾಕಂದರೆ ಒಬ್ಬರ ಬ್ಯಾಟಿಂಗ್ ಕಾಲಮ್ಮಿನ 7.5 ಇನ್ನೊಬ್ಬರ ಬೌಲಿಂಗ್ ಕಾಲಮ್ಮಿಗೂ 7.5 ಆಗಿಯೇ ಹೋಗಿತ್ತು. ಎರಡೂ ಕಡೆ ಒಂದೇ ತಪ್ಪು ಇದ್ದರೆ ಟ್ಯಾಲಿ ಆಗದೆ ಇನ್ನೇನಾಗುತ್ತೆ? ಆ ಚೆಕ್ಕು ರನ್ ತಪ್ಪಾಗಿ ಬರೆದಿದ್ದರೆ ಹಿಡಿಯುತ್ತಿತ್ತು, ಇದನ್ನಲ್ಲ. ಇದನ್ನು ಹಿಡಿಯೋ ಚೆಕ್ ಬೇರೆ: 6.5 ಮತ್ತು 7.5 ಕೂಡಿಸಿ ನೋಡಬೇಕು. ಉತ್ತರ 14 ಬಂದರೆ ಶೀಟ್ ತಪ್ಪು. 41 ಎಸೆತ, 47 ಎಸೆತ ಸೇರಿದರೆ 88 ಎಸೆತ, ಅಂದರೆ 14 ಓವರ್ 4 ಎಸೆತ.

ಫೋನಲ್ಲಿ ಹೇಳೋ ವಿಷಯ ಅಲ್ಲ ಇದು. ಮುಂದಿನ ವಾರ ಊರಿಗೆ ಹೋದೆ. ಚಿಕ್ಕಪ್ಪನ ಮಗನನ್ನು ಕೂರಿಸಿ ಪೇಪರ್ ತೋರಿಸಿದೆ. ಅವನು ಬೆರಳಿಟ್ಟು ಒಂದೊಂದೇ ಸಾಲು ಓದಿದ. ಬಯ್ಯುತ್ತಾನೆ ಅಂದುಕೊಂಡಿದ್ದೆ, ಬಯ್ಯಲಿಲ್ಲ.

"ಅಣ್ಣ, ಸೋತಿದ್ರೆ ಸೋತ್ವಿ ಅನ್ಕೋಬೌದಾಗಿತ್ತು. ಈಗ ಹುಡುಗ್ರಿಗೆ ಏನಂತ ಹೇಳ್ಲಿ?"

"ನಾನೇ ಹೇಳ್ತೀನಿ" ಅಂದೆ. ಹೇಳಿದೆ. ಹಸಿರಿನವರಿಗೂ ಹೇಳಿದೆ, ನೀಲಿಯವರಿಗೂ ಹೇಳಿದೆ. ಫೈನಲ್ ಮತ್ತೆ ಆಡಿಸೋ ಹಾಗಿರಲಿಲ್ಲ. ನೀಲಿಯವರು ಫೈನಲ್ ಸೋತು ರನ್ನರ್-ಅಪ್ ಕಪ್ ತಗೊಂಡಿದ್ದರು. ಅವರ ಕ್ಯಾಪ್ಟನ್ ಒಂದು ನಿಮಿಷ ಸುಮ್ಮನಿದ್ದು, "ಕಪ್ ವಾಪಸ್ ಕೊಡ್ಬೇಕಾ?" ಅಂದ. ಬೇಡ ಅಂತ ಹಸಿರಿನವರೇ ಅಂದರು. ಆದರೆ ಅವರಲ್ಲಿ ಒಬ್ಬ ಹುಡುಗ ಒಂದು ಮಾತು ಕೇಳಿದ. "ರೂಲ್ಸ್ ಯಾರು ಮಾಡಿದ್ದು? ನಾವು ಅವ್ರ್‌ನ ಸೋಲ್ಸಿದ್ವಲ್ಲ, ಅದು ಯಾಕೆ ಲೆಕ್ಕಕ್ಕೆ ಬರ್ಲಿಲ್ಲ?"

ಅದಕ್ಕೆ ನನ್ನ ಹತ್ತಿರ ಇದ್ದ ಉತ್ತರ, "ಐಪಿಎಲ್‌ನಲ್ಲಿ ಹಂಗೇ" ಅನ್ನೋದು ಮಾತ್ರ. ವಾಪಸ್ ಬರುವಾಗ ಬಸ್ಸಲ್ಲಿ ಅದನ್ನೇ ಯೋಚನೆ ಮಾಡಿದೆ. ಐಪಿಎಲ್‌ನಲ್ಲಿ ಹತ್ತು ಟೀಮು, ಒಬ್ಬೊಬ್ಬರಿಗೆ 14 ಲೀಗ್ ಮ್ಯಾಚು. ಒಂಬತ್ತು ಎದುರಾಳಿಗಳಲ್ಲಿ ಐದು ಟೀಮಿನ ಜೊತೆ ಎರಡೆರಡು ಸಲ, ನಾಲ್ಕರ ಜೊತೆ ಒಂದೇ ಸಲ. ಆರ್‌ಸಿಬಿ, ಚೆನ್ನೈ 2024ರಲ್ಲಿ ಎರಡು ಸಲ ಆಡಿದವು. ಮಾರ್ಚ್ 22ಕ್ಕೆ ಚೆನ್ನೈ ಗೆದ್ದಿತ್ತು, ಮೇ 18ಕ್ಕೆ ಆರ್‌ಸಿಬಿ. ಮುಖಾಮುಖಿ ನೋಡಿದ್ದರೂ ಒಂದೊಂದು, ಮತ್ತೆ ಸಮ. ಅಂಥ ಲೀಗ್‌ಗೆ ನೆಟ್ ರನ್ ರೇಟ್ ಹೊಂದುತ್ತದೆ. ನಮ್ಮದರಲ್ಲಿ ಎಲ್ಲರೂ ಎಲ್ಲರ ಜೊತೆ ಸರಿಯಾಗಿ ಒಂದೇ ಸಲ ಆಡುತ್ತಾರೆ. ಇಬ್ಬರು ಸಮ ಆದರೆ ಅವರಿಬ್ಬರ ಮ್ಯಾಚ್ ಫಲಿತಾಂಶ ಎದುರಿಗೇ ಇದೆ. ನೋಡಿದವರು ನೂರು ಜನ ಇದ್ದಾರೆ, ಭಾಗಾಕಾರ ಬೇಕಾಗಿಲ್ಲ, ಎಂಜಿನಿಯರೂ ಬೇಕಾಗಿಲ್ಲ.

ಆದರೆ ಮೂರು ಟೀಮು ಸಮ ಆದರೆ ಇದು ಕೈ ಕೊಡುತ್ತದೆ. ಮೊದಲನೆಯವರು ಎರಡನೆಯವರನ್ನು, ಎರಡನೆಯವರು ಮೂರನೆಯವರನ್ನು, ಮೂರನೆಯವರು ಮೊದಲನೆಯವರನ್ನು ಸೋಲಿಸಿದ್ದರೆ ಸುತ್ತು ಹೊಡೆದು ಅಲ್ಲಿಗೇ ಬಂದು ನಿಲ್ಲುತ್ತೇವೆ. ಆಗ ನೆಟ್ ರನ್ ರೇಟ್ ಬೇಕೇ ಬೇಕು.

ಹಾಗಾಗಿ ಕೈಪಿಡಿಯ ಆ ಪುಟ ಈಗ ಹೀಗಿದೆ. ಮೊದಲು ಪಾಯಿಂಟ್: ಗೆಲುವಿಗೆ ಎರಡು, ಟೈ ಆದರೆ ಅಥವಾ ಮಳೆಯಿಂದ ನಿಂತರೆ ಒಂದೊಂದು. ಸರಿಯಾಗಿ ಎರಡು ಟೀಮು ಸಮ ಇದ್ದರೆ ಅವರಿಬ್ಬರ ನಡುವಿನ ಮ್ಯಾಚ್ ಗೆದ್ದವರು ಮೇಲೆ. ಮೂರು ಅಥವಾ ಹೆಚ್ಚು ಟೀಮು ಸಮ ಇದ್ದರೆ, ಇಲ್ಲವೇ ಆ ಇಬ್ಬರ ಮ್ಯಾಚೇ ಮಳೆಗೆ ಹೋಗಿದ್ದರೆ ಅಥವಾ ಟೈ ಆಗಿದ್ದರೆ, ನೆಟ್ ರನ್ ರೇಟ್. ಅದೂ ಸಮ ಆದರೆ ಎಲ್ಲರ ಮುಂದೆ ಚೀಟಿ ಎತ್ತೋದು. ನಿಂತುಹೋದ ಮ್ಯಾಚಿನ ರನ್ನು, ಓವರು ಯಾವುದೂ ರೇಟಿನ ಲೆಕ್ಕಕ್ಕಿಲ್ಲ. ಈ ಕ್ರಮವನ್ನು ಮೊದಲ ಬಾಲ್ ಹಾಕೋದಕ್ಕೆ ಮುಂಚೆ ಐದೂ ಕ್ಯಾಪ್ಟನ್‌ಗಳು ಓದಿ ಸಹಿ ಹಾಕಬೇಕು. ಟೇಬಲ್ ನೋಡಿದ ಮೇಲೆ ನಿಯಮ ಮಾಡಿದರೆ ಅದು ಯಾರೋ ಒಬ್ಬರಿಗೋಸ್ಕರ ಮಾಡಿದ ಹಾಗೆಯೇ ಕಾಣುತ್ತದೆ, ಮಾಡಿದವರ ಮನಸ್ಸು ಎಷ್ಟೇ ಶುದ್ಧ ಇರಲಿ.

ಶೀಟಲ್ಲಿ ಈಗ ಓವರಿಗೆ ಒಂದು ಕಾಲಮ್, ಉಳಿದ ಎಸೆತಕ್ಕೆ ಒಂದು ಕಾಲಮ್. ಚುಕ್ಕೆ ಹಾಕೋ ಜಾಗವೇ ಇಲ್ಲ. ಬಿ ಕಾಲಮ್ಮಿನಲ್ಲಿ 7, ಸಿ ಕಾಲಮ್ಮಿನಲ್ಲಿ 5 ಬರೆದರೆ ಉಳಿದದ್ದನ್ನು ಇದು ನೋಡಿಕೊಳ್ಳುತ್ತದೆ:

```
=B2+C2/6
```

ಪ್ರತಿ ಮ್ಯಾಚ್ ಮುಗಿದ ಮೇಲೆ ಸ್ಕೋರರ್ ಪುಸ್ತಕದ ಪಕ್ಕದಲ್ಲೇ ಎರಡೂ ಕ್ಯಾಪ್ಟನ್‌ಗಳು ರನ್ನು, ಎಸೆತ ನೋಡಿ ಒಪ್ಪಬೇಕು. ಟೇಬಲ್ ಜೊತೆ ಬರೀ ರೇಟಲ್ಲ, ಒಟ್ಟು ರನ್ನು, ಒಟ್ಟು ಎಸೆತವನ್ನೂ ಬೋರ್ಡ್ ಮೇಲೆ ಬರೆಯಬೇಕು. ಆಗ ಮೊಬೈಲ್ ಕ್ಯಾಲ್ಕುಲೇಟರ್ ಇರೋ ಯಾರು ಬೇಕಾದರೂ ನನ್ನನ್ನು ಹಿಡಿಯಬಹುದು.

ಕರಡು ಓದಲು ಚಿಕ್ಕಪ್ಪನ ಮಗನಿಗೇ ಕಳಿಸಿದೆ. ನೀಲಿ, ಹಸಿರು ಟೀಮಿನ ಲೆಕ್ಕವನ್ನೇ ಉದಾಹರಣೆಯಾಗಿ ಹಾಕಿದ್ದೆ, ಮೊದಲು ತಪ್ಪಾಗಿ ಮಾಡಿದ್ದು, ಆಮೇಲೆ ಸರಿಯಾಗಿ ಮಾಡಿದ್ದು. ಬೇಡ ಅಂದರೆ ತೆಗೀತೀನಿ ಅಂತಲೂ ಬರೆದಿದ್ದೆ. ಒಂದು ಗಂಟೆ ಬಿಟ್ಟು ವಾಯ್ಸ್ ಮೆಸೇಜ್ ಬಂತು.

"ಇರ್ಲಿ ಬುಡಣ್ಣ. ಆರ್‌ಸಿಬಿದು ಎಲ್ರಿಗೂ ಗೊತ್ತು. ನಮ್ದು ಗೊತ್ತಾಗ್ಲಿ. ಆದ್ರೆ ಒಂದು, 71 ಹೊಡ್ದಿದ್ದು 7.5 ಓವರಲ್ಲಿ ಅಂತ ಬರ್ದಿದ್ದೀಯ. ಅದನ್ನ 47 ಎಸೆತ ಅಂತ ಮಾಡು. ಮತ್ತೆ ಯಾರಾದ್ರೂ ಏಳೂವರೆ ಅನ್ಕೊಂಡಾರು."

ಬದಲಾಯಿಸಿದೆ.